ಕಲ್ಯಾಣಮ್ಮ ಮೇಡಂ ತಲೆಕೆಳಗು ಮಾಡಿದ ಲೆಕ್ಕ

ಆ ಜನವರಿಯಲ್ಲಿ ಹತ್ತು ಹನ್ನೆರಡು ದಿನ ಕಲ್ಯಾಣಮ್ಮ ಮೇಡಂಗೆ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವುದಕ್ಕೂ ನಾಚಿಕೆಯಾಗಿತ್ತು. ಬೈತಲೆ ಸೊಟ್ಟಗಾದರೂ ಆಗಲಿ ಎಂದು ಗೋಡೆ ಕಡೆ ಮುಖ ಮಾಡಿ ಜಡೆ ಸುತ್ತಿಕೊಂಡು ಬಾಳ್ಳುಪೇಟೆಯಿಂದ ಎಂಟು ಗಂಟೆಯ ಬಸ್ಸು ಹಿಡಿಯುತ್ತಿದ್ದರು. ಐವತ್ತೆಂಟು ವರ್ಷದ ಹೆಂಗಸು, ಸಕಲೇಶಪುರದ ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿದವರು, ಎದುರಿಗೆ ಸಿಕ್ಕ ಮಕ್ಕಳೇ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವಂಥ ಗತ್ತು ಇದ್ದವರು. ಅಂಥವರು ಹದಿನೇಳು ವರ್ಷದ ಒಂದು ಹುಡುಗಿಯ ಕಣ್ಣಿಗೆ ಬೀಳಬಾರದು ಅಂತ ಕಾಲೇಜಿನ ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಿದ್ದರು.

ಕಲ್ಯಾಣಮ್ಮ ಹುಟ್ಟಿದ್ದು ಕುಂದೂರಿನ ಕಡೆ. ಅಪ್ಪ ತಿಮ್ಮಯ್ಯನಿಗೆ ಎರಡೆಕರೆ ಗದ್ದೆ, ಮನೆ ತುಂಬ ಹೆಣ್ಣುಮಕ್ಕಳು. ನಾಲ್ಕನೆಯವಳು ಓದಿನಲ್ಲಿ ಚುರುಕು ಅಂತ ಮೇಷ್ಟರು ಹೇಳಿದ್ದಕ್ಕೆ ಅವಳನ್ನು ಓದಲು ಬಿಟ್ಟ. ಹಾಸನದಲ್ಲಿ ಬಿ.ಎಸ್ಸಿ., ಮೈಸೂರಿನಲ್ಲಿ ಎಂ.ಎಸ್ಸಿ. ಅಲ್ಲಿ ಪಾಠವೆಲ್ಲ ಇಂಗ್ಲಿಷು. ಅರ್ಥವಾಗದ್ದನ್ನು ಕೇಳಿದರೆ ಹಳ್ಳಿ ಗಮಾರಿ ಅಂದುಕೊಂಡಾರು ಅಂತ ಈ ಹುಡುಗಿ ಕೇಳುತ್ತಲೇ ಇರಲಿಲ್ಲ. ಬರೆದುಕೊಳ್ಳುವುದು, ಬಾಯಿಪಾಠ ಮಾಡುವುದು. ಒಂದು ದಿನ ಪ್ರೊಫೆಸರು ಬೋರ್ಡಿನ ಮೇಲೆ dy/dx ಬರೆದು, ಇದನ್ನು ಭಿನ್ನರಾಶಿ ಅಂತ ತಿಳಿಯಬೇಡಿ ಅಂದಿದ್ದರು. ಕಲ್ಯಾಣಮ್ಮ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು. ಯಾಕೆ ತಿಳಿಯಬಾರದು ಅನ್ನುವುದು ಮಾತ್ರ ಅವರಿಗೆ ಅವತ್ತೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ.

ಗೊತ್ತಿಲ್ಲದ್ದನ್ನು ಅವರು ವೇಗದಲ್ಲಿ ಮುಚ್ಚಿಬಿಟ್ಟರು. ಎಕ್ಸ್ ಒಂದಿಷ್ಟು ಬದಲಾದರೆ ಅದರ ಜೊತೆ ವೈ ಯಾವ ಪ್ರಮಾಣದಲ್ಲಿ ಬದಲಾಗುತ್ತದೆ ಅನ್ನುವುದಕ್ಕೆ dy/dx ಅಂತ ಹೆಸರು. ನೋಡುವುದಕ್ಕೆ ಮೇಲೊಂದು, ಕೆಳಗೊಂದು, ನಡುವೆ ಅಡ್ಡಗೆರೆ; ಥೇಟು ಭಿನ್ನರಾಶಿ. ವೈ ಎಂಬುದು ಯು ಮೇಲೆ ನಿಂತು, ಯು ಎಂಬುದು ಎಕ್ಸ್ ಮೇಲೆ ನಿಂತಿದ್ದರೆ dy/du ಮತ್ತು du/dx ಎರಡನ್ನೂ ಗುಣಿಸಬೇಕು. ಮೇಡಂ ಬೋರ್ಡಿನ ಮೇಲೆ ಅವೆರಡನ್ನೂ ಬರೆದು, ಮೇಲಿನ du ಮೇಲೊಂದು, ಕೆಳಗಿನ du ಮೇಲೊಂದು ಸರ್ ಸರ್ ಅಂತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಹೊಡೀರಿ! ಏನುಳೀತು? ಡಿವೈ ಬೈ ಡಿಎಕ್ಸ್. ಮುಂದಿಂದು."

ಮಕ್ಕಳಿಗೆ ಬಲು ಇಷ್ಟ. ಉತ್ತರವೂ ಸರಿಯಾಗಿಯೇ ಬರುತ್ತಿತ್ತು. ಯಾವಾಗಲೋ ಒಬ್ಬ ಹುಡುಗ "ಯಾಕೆ ಮೇಡಂ ಹೊಡೀಬಹುದು?" ಅಂದರೆ, "ಲೇ, ಬಸ್ಸು ಹತ್ತಿದ ಮೇಲೆ ಎಂಜಿನ್ ಬಿಚ್ಚಿ ತೋರ್ಸು ಅಂತ ಡ್ರೈವರ್‌ನ ಕೇಳ್ತೀಯೇನೋ?" ಅಂತ ನಗಿಸಿಬಿಡುತ್ತಿದ್ದರು. ನಗು ನಿಲ್ಲುವ ಹೊತ್ತಿಗೆ ಪ್ರಶ್ನೆಯೂ ಸತ್ತಿರುತ್ತಿತ್ತು.

ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಕೃತಿಕಾ ಎಂಬ ಹುಡುಗಿ ಇದ್ದಳು. ಅಪ್ಪ ಧರ್ಮ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಎಡಕುಮೇರಿ ಕಡೆಯ ಘಾಟಿಯಲ್ಲಿ ಹಳಿಯ ಪಕ್ಕ ಮೈಲಿಗಟ್ಟಲೆ ನಡೆದು ಹಳಿ ನೋಡಿಕೊಳ್ಳುವ ಕೆಲಸ. ಮನೆ ಸಕಲೇಶಪುರ ಸ್ಟೇಷನ್ನಿನ ಹತ್ತಿರದ ಕ್ವಾರ್ಟರ್ಸ್. ಹುಡುಗಿ ಹೆಚ್ಚು ಮಾತಿನವಳಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ತಗೋತೀನಿ ಅಂತ ಒಂದೇ ಒಂದು ಸಲ ಹೇಳಿದ್ದಳು, ಮೇಡಂ "ತಗೋ ತಗೋ" ಅಂದಿದ್ದರು.

ವಾರ್ಷಿಕ ಪರೀಕ್ಷೆಗೆ ಮೊದಲು ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತದೆ. ಸಕಲೇಶಪುರ, ಆಲೂರು ಸೀಮೆಯ ಆರು ಕಾಲೇಜುಗಳ ಗಣಿತದವರು ಸೇರಿ ಒಂದು ಕ್ರಮ ಮಾಡಿಕೊಂಡಿದ್ದರು: ವರ್ಷಕ್ಕೊಬ್ಬರು ಪ್ರಶ್ನೆಪತ್ರಿಕೆಯನ್ನೂ ಉತ್ತರಸೂಚಿಯನ್ನೂ ತಯಾರಿಸುವುದು, ಒಂದು ಕಾಲೇಜಿನ ಉತ್ತರಪತ್ರಿಕೆಯನ್ನು ಇನ್ನೊಂದು ಕಾಲೇಜಿನವರು ತಿದ್ದುವುದು. ಆ ಸಲ ಸರದಿ ಕಲ್ಯಾಣಮ್ಮನವರದು. ಎಲ್ಲ ಮುಗಿಸಿ ನೋಡಿದರೆ ಒಂದು ಅಂಕದ ಪ್ರಶ್ನೆ ಒಂದು ಕಡಿಮೆ ಬಿದ್ದಿತ್ತು. ಟೈಪ್ ಮಾಡುವವನು ಬಾಗಿಲಲ್ಲಿ ನಿಂತಿದ್ದ. ಮೇಡಂ ನಿಂತ ಹಾಗೇ ಹನ್ನೊಂದನೆಯದಾಗಿ ಒಂದು ಪ್ರಶ್ನೆ ಗೀಚಿದರು: d²y/dx² = 2 ಆದರೆ d²x/dy² ಎಷ್ಟು? dy/dx ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದರೆ ಬರುವುದು d²y/dx². ಕೆಳಗೆ ನಾಲ್ಕು ಆಯ್ಕೆ. ಉತ್ತರಸೂಚಿಯಲ್ಲಿ ½ ಎಂದು ಬರೆದರು. ಭಿನ್ನರಾಶಿಯನ್ನು ತಲೆಕೆಳಗು ಮಾಡಿದರಾಯಿತಲ್ಲ, ಎರಡು ಹೋಗಿ ಅರ್ಧ. ಅರ್ಧ ನಿಮಿಷದ ಕೆಲಸ.

ಕಾಲೇಜಿನ ಉತ್ತರಪತ್ರಿಕೆಗಳು ಆಲೂರಿನ ಮೋಹನ್ ಎಂಬ ಉಪನ್ಯಾಸಕರ ಕೈಯಲ್ಲಿ ತಿದ್ದಿಸಿಕೊಂಡು ವಾಪಸು ಬಂದವು. ಮೋಹನ್ ಕೂಡ ಹಿಂದೆ ಇದೇ ಮೇಡಂ ಹತ್ತಿರ ಓದಿದವನು. ತರಗತಿಯಲ್ಲಿ ಒಂದೊಂದೇ ಪತ್ರಿಕೆ ಕೊಡುತ್ತ ಬಂದ ಮೇಡಂ ಕೃತಿಕಾಳದು ಬಂದಾಗ ನಿಂತರು. ಆ ಪ್ರಶ್ನೆಗೆ ಅವಳು ನಾಲ್ಕರಲ್ಲಿ ಯಾವುದನ್ನೂ ಗುರುತು ಮಾಡಿರಲಿಲ್ಲ. "ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ" ಅಂತ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಅಡ್ಡಗೆರೆ.

"ಕೇಳ್ರಪ್ಪ ಇಲ್ಲಿ," ಅಂದರು ಮೇಡಂ, ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು. "ಕೃತಿಕಾ ಅವರು ನಂಗೆ ಮಾರ್ಕ್ಸ್ ಕೊಟ್ಟವ್ರೆ. ನಾನು ತೆಗೆದ ಪ್ರಶ್ನೆಗೆ ಉತ್ತರ ಇಲ್ವಂತೆ! ಏನೇ ತಾಯಿ, ನೀನೇ ಬಂದು ಈ ಕುರ್ಚಿ ಮೇಲೆ ಕೂತ್ಕೊ, ನಾನು ಹೋಗಿ ನಿಮ್ಮಪ್ಪನ ಜೊತೆ ಹಳಿ ಕಾಯ್ತೀನಿ."

ತರಗತಿ ಹೋ ಅಂತ ನಕ್ಕಿತು. ಹುಡುಗರು ಬೆಂಚು ಬಡಿದರು. ಕೃತಿಕಾ ಎದ್ದು ಬಂದು ಪತ್ರಿಕೆ ಇಸಕೊಂಡಳು, ಒಮ್ಮೆ ಮೇಡಂ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಅಳುವೂ ಕಾಣಲಿಲ್ಲ. ಹೋಗಿ ಕೂತಳು. ಸಹಿ ಹಾಕಿ ಪತ್ರಿಕೆ ಹಿಂದಿರುಗಿಸಿದಳು. ಮಾರನೆಯ ದಿನದಿಂದ ಗಣಿತದ ತರಗತಿಗೆ ಬರುವುದು ಬಿಟ್ಟಳು.

ಮೊದಲು ಮೇಡಂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಐದನೇ ದಿನ ಅವಳ ಪಕ್ಕದಲ್ಲಿ ಕೂರುವ ಚೈತ್ರಶ್ರೀಯನ್ನು ಕೇಳಿದರು.

"ಅವಳು ಲೈಬ್ರರೀಲಿ ಕೂತಿರ್ತಾಳೆ ಮೇಡಂ. ಪಾಸಾಗೋವಷ್ಟು ಓದಿ, ಮುಂದೆ ಬಿ.ಎ. ಸೇರ್ಕೊತೀನಿ ಅಂತಾಳೆ. ಮ್ಯಾತ್ಸು ನನ್ನ ತಲೆಗೆ ಹತ್ತಲ್ಲ, ಮೇಡಂ ಹೇಳಿದ್ರಲ್ಲ ಅಂದ್ಳು."

"ನಾನ್ಯಾವಾಗ ಹೇಳ್ದೆ ಹಂಗೆ?"

"ಅವತ್ತು ಪೇಪರ್ ಕೊಡೋವಾಗ..." ಅಂದಳು ಚೈತ್ರಶ್ರೀ.

ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ಪತ್ರಿಕೆಗಳನ್ನು ಕಟ್ಟು ಕಟ್ಟುವಾಗ ಕೃತಿಕಾಳದನ್ನು ತೆಗೆದು ಹಿಂದಿನ ಪುಟ ತಿರುಗಿಸಿದರು. ಪೆನ್ಸಿಲ್ಲಿನಲ್ಲಿ ಸಣ್ಣಗೆ ಹುಡುಗಿ ಕಚ್ಚಾ ಲೆಕ್ಕ ಮಾಡಿದ್ದಳು. y = x² ತೆಗೆದುಕೊಂಡರೆ d²y/dx² ಎಲ್ಲ ಕಡೆಯೂ 2. ಸರಿ. ತಿರುಗಿಸಿ ನೋಡಿದರೆ x = √y. ಅದನ್ನು ಒಮ್ಮೆ ಅವಕಲಿಸಿದರೆ, ಅಂದರೆ dx/dy ಕಂಡುಹಿಡಿದರೆ, 1/(2√y). ಇನ್ನೊಮ್ಮೆ ಅವಕಲಿಸಿದರೆ −1/(4y√y). x ಒಂದು ಇದ್ದಾಗ −¼. x ಎರಡು ಇದ್ದಾಗ y ನಾಲ್ಕು, ಉತ್ತರ −1/32. ಅದರ ಕೆಳಗೆ ಒಂದು ಸಾಲು: "x = 1ರಲ್ಲಿ dy/dx = 2, dx/dy = ½. ತಲೆಕೆಳಗು ಸರಿಹೋಯ್ತು. ಎರಡನೆಯದಕ್ಕೆ ಯಾಕೆ ಸರಿಹೋಗಲಿಲ್ಲ?"

ಮೇಡಂ ಒಂದು ಸಲ ಮಾಡಿ ನೋಡಿದರು. ಎರಡು ಸಲ, ಮೂರು ಸಲ ಮಾಡಿ ನೋಡಿದರು. ಅರ್ಧ ಬರಲೇ ಇಲ್ಲ. ಬೆಲೆ ಒಂದೊಂದು ಕಡೆ ಒಂದೊಂದು. ಹುಡುಗಿ ಬರೆದದ್ದು ಅಕ್ಷರಶಃ ಸತ್ಯ. ಪ್ರಶ್ನೆಗೆ ಒಂದೇ ಉತ್ತರ ಅಂತ ಇರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಮೋಹನ್‌ಗೆ ಫೋನು ಮಾಡಿದರು.

"ಆ ಹನ್ನೊಂದನೇ ಪ್ರಶ್ನೆ ಕಣೋ ಮೋಹನ..."

"ನಂಗೂ ಡೌಟ್ ಬಂದಿತ್ತು ಮೇಡಂ."

"ಮತ್ತೆ ಬಾಯಿ ಬಿಡಕ್ಕೇನಾಗಿತ್ತು ನಿಂಗೆ?"

"ನೀವು ಹಾಕಿದ ಕೀ ಆನ್ಸರ್ ಅಲ್ವಾ ಮೇಡಂ. ನಂದೇ ಎಲ್ಲೋ ತಪ್ಪಿರ್ಬೇಕು ಅಂದ್ಕೊಂಡೆ. ಫೋನ್ ಮಾಡಿದ್ರೆ ಏನಂತೀರೋ ಅಂತ..."

ಬೈಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಮೇಡಂಗೆ. ಬೆಳೆದು, ಮದುವೆಯಾಗಿ, ತಾನೂ ಉಪನ್ಯಾಸಕನಾದ ಗಂಡಸು. ಇವರ ನಾಲಿಗೆಗೆ ಹೆದರಿ ಸರಿಯಾದ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದ.

ಆಮೇಲಿನ ದಿನಗಳಲ್ಲೇ ಅವರು ಹಿಂದಿನ ಗೇಟಿನಿಂದ ಓಡಾಡಿದ್ದು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ; ಮೋಹನ್ ಬಾಯಿ ಬಿಡುವವನಲ್ಲ, ನಿವೃತ್ತಿಗೆ ಎರಡೇ ವರ್ಷ. ಆದರೆ ಸುಮ್ಮನಿದ್ದರೆ ಆ ಹುಡುಗಿ ಗಣಿತ ಬಿಟ್ಟುಬಿಡುತ್ತಾಳೆ. ಪಾಠ ಮಾಡುವಾಗ ನಾಲಿಗೆ ತೊದಲತೊಡಗಿತು. ಸಂಜೆ ಮನೆಗೆ ಹೋಗಿ, ಟ್ರಂಕಿನಿಂದ ಮೈಸೂರಿನ ನೋಟ್ಸು ತೆಗೆದು, ಕೆಂಪು ಗೆರೆ ಎಳೆದಿದ್ದ ಸಾಲಿನಿಂದ ಶುರು ಮಾಡಿ, ಇಪ್ಪತ್ತರ ಹರೆಯದಲ್ಲಿ ಕೇಳಬೇಕಾದದ್ದನ್ನು ತಮ್ಮನ್ನೇ ತಾವು ಕೇಳಿಕೊಂಡರು. ನಾಲ್ಕು ದಿನ ಹಿಡಿಯಿತು.

ಭಾನುವಾರ ಬೆಳಿಗ್ಗೆ ಸಕಲೇಶಪುರದ ರೈಲ್ವೆ ಕ್ವಾರ್ಟರ್ಸ್ ಹುಡುಕಿಕೊಂಡು ಹೋದರು. ಧರ್ಮ ಬಾಗಿಲಲ್ಲಿ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ. ಇವರನ್ನು ನೋಡಿ ಗಾಬರಿಯಿಂದ ಎದ್ದ.

"ಬನ್ನಿ ಮೇಡಮ್ಮೋರೆ, ಒಳಿಕ್ ಬನ್ನಿ. ಮಗ ಏನಾರ ತೆಪ್ಪು ಮಾಡ್ಬುಟ್ಟಳಾ?"

"ತಪ್ಪು ಮಾಡಿದ್ದು ನಾನು ಕಣಪ್ಪ."

ಅವನು ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿದ. ಕೃತಿಕಾ ಒಳಗಿಂದ ಬಂದು ಗೋಡೆಗೆ ಒರಗಿ ನಿಂತಳು. ಮೇಡಂ ಪತ್ರಿಕೆಯ ಹಿಂದಿನ ಪುಟವನ್ನು ಅವಳ ಮುಂದೆ ಹಿಡಿದರು.

"ನೀನು ಬರ್ದಿದ್ದೇ ಸರಿ. ನನ್ನ ಪ್ರಶ್ನೆ ತಪ್ಪು, ಉತ್ತರವೂ ತಪ್ಪು. ಅವತ್ತು ನಾನು ಆಡಿದ ಮಾತು ಎಲ್ಲಕ್ಕಿಂತ ತಪ್ಪು."

ಹುಡುಗಿ ಪುಟ ನೋಡಿದಳು, ಮೇಡಂ ಮುಖ ನೋಡಲಿಲ್ಲ. "ಪರ್ವಾಗಿಲ್ಲ ಮೇಡಂ" ಅಂದಳು. ಆ ಪರವಾಗಿಲ್ಲ ಎಂಬ ಮಾತು ಬಾಗಿಲು ಮುಚ್ಚಿದ ಹಾಗಿತ್ತು.

ಮೇಡಂಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ, ಪಾಠ ಹೇಳಿ ಅಭ್ಯಾಸವಿತ್ತು. ಅದನ್ನೇ ಹಿಡಿದುಕೊಂಡರು. "ಧರ್ಮಪ್ಪ, ಹಳಿ ಪಕ್ಕದಲ್ಲಿ ಏರು ತೋರ್ಸೋ ಕಂಬ ಇರ್ತದಲ್ಲ, ಅದರಲ್ಲಿ ಏನು ಬರ್ದಿರ್ತಾರೆ?"

"ಅದಾ? ಘಾಟೀಲಿ ಐವತ್ತು ಅಂತ ಬರ್ದಿರ್ತಾರೆ ಮೇಡಮ್ಮೋರೆ. ಐವತ್ತು ಮೀಟ್ರು ಹೋದ್ರೆ ಒಂದು ಮೀಟ್ರು ಏರು ಐತೆ ಅಂತ."

"ಅದು ಭಿನ್ನರಾಶಿ. ಏರೂ ಅಳೀಬಹುದು, ದೂರಾನೂ ಅಳೀಬಹುದು. ಒಂದನ್ನ ಇನ್ನೊಂದರಿಂದ ಭಾಗಿಸ್ಬಹುದು. ಈಗ ಏರು ಒಂದೇ ಸಮ ಇಲ್ಲ, ಹೋಗ್ತಾ ಹೋಗ್ತಾ ಹೆಚ್ಚಾಗ್ತದೆ ಅಂತ ಇಟ್ಕೊ. ಒಂದೇ ಒಂದು ಜಾಗದಲ್ಲಿ ನಿಂತು, ಇಲ್ಲಿ ಏರು ಎಷ್ಟು ಅಂದ್ರೆ ಹೆಂಗೆ ಹೇಳ್ತೀಯಾ?"

"ನಿಂತಿದ್ ಜಾಗದಾಗೆ ಏರೆಲ್ಲಿಂದ ಬತ್ತದೆ? ಮುಂದಕ್ಕೆ ಹೆಜ್ಜೆ ಇಕ್ಕಬೇಕು," ಅಂದ ಧರ್ಮ.

"ಅಷ್ಟೇ. ಹತ್ತು ಮೀಟರ್ ಹೋಗಿ ಅಳಿ, ಒಂದು ಮೀಟರ್ ಹೋಗಿ ಅಳಿ, ಒಂದು ಗೇಣು ಹೋಗಿ ಅಳಿ. ಪ್ರತಿಸಲವೂ ನಿಜವಾದ ಭಿನ್ನರಾಶಿ. ಅವೆಲ್ಲ ಯಾವ ಸಂಖ್ಯೆ ಕಡೆಗೆ ಹತ್ತಿರ ಹತ್ತಿರ ಹೋಗ್ತವೋ ಆ ಸಂಖ್ಯೆ ಡಿವೈ ಬೈ ಡಿಎಕ್ಸ್. ಅದು ಮಿತಿ. ಅದರಲ್ಲಿ ಮೇಲೆ ಒಂದು ವಸ್ತು, ಕೆಳಗೆ ಒಂದು ವಸ್ತು ಅಂತ ಇಲ್ಲ. ಭಿನ್ನರಾಶಿಗಳು ಹೋಗಿ ಸೇರೋ ಜಾಗ ಅದು, ತಾನೇ ಭಿನ್ನರಾಶಿ ಅಲ್ಲ."

ಕೃತಿಕಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೆ ಮೊದಲನೆಯದಕ್ಕೆ ತಲೆಕೆಳಗು ಮಾಡಿದ್ರೆ ಯಾಕ್ ಸರಿ ಬರ್ತದೆ?"

"ಅಳತೆ ಮಾಡ್ತಾ ಹೋಗೋವಾಗ ಒಂದೊಂದು ಹಂತದಲ್ಲೂ ಅದು ಭಿನ್ನರಾಶೀನೇ ಆಗಿತ್ತಲ್ಲ. ಆಗ ತಲೆಕೆಳಗು ಮಾಡೋದು ನ್ಯಾಯ. ಆಮೇಲೆ ಮಿತಿ ತಗೊಂಡ್ರೆ, ಅದು ಸೊನ್ನೆ ಅಲ್ಲದಿದ್ರೆ, ತಲೆಕೆಳಗೂ ಉಳ್ಕೊತದೆ. ಡಿಯು ಹೊಡೆಯೋದೂ ಹೆಚ್ಚುಕಮ್ಮಿ ಹಂಗೇ. ಮಿತಿಗೆ ಮುಂಚೆ ಇರೋ ಚೂರುಗಳನ್ನ ಹೊಡೀಬಹುದು. ಆ ಚೂರು ಸೊನ್ನೆ ಆದಾಗ ಏನು ಅಂತ ಬೇರೆ ನೋಡ್ಬೇಕು, ಅದನ್ನೂ ಸೇರಿಸಿ ಸಾಧಿಸಿ ಇಟ್ಟವ್ರೆ, ಸರಪಳಿ ನಿಯಮ ಅಂತ. ಆ ನಿಯಮ ಇರೋದ್ರಿಂದ ಗೆರೆ ಎಳೆಯೋಕೆ ಅಪ್ಪಣೆ. ನಾನು ಗೆರೆ ಮಾತ್ರ ತೋರಿಸ್ದೆ, ಅಪ್ಪಣೆ ಎಲ್ಲಿಂದ ಬಂತು ಅಂತ ಹೇಳ್ಲಿಲ್ಲ."

"ಎರಡನೆಯದಕ್ಕೆ ಆ ಅಪ್ಪಣೆ ಇಲ್ಲ."

"ಇಲ್ಲ. ಎರಡನೆಯದು ಏರೇ ಹೆಂಗೆ ಬದಲಾಗ್ತದೆ ಅನ್ನೋ ಅಳತೆ. ಬರೆಯೋ ರೀತೀಲೇ ಗೊತ್ತಾಗ್ತದೆ ನೋಡು: ಮೇಲ್ಗಡೆ 2 ಅನ್ನೋದು ಡಿ ತಲೆ ಮೇಲಿದೆ, ಕೆಳಗಡೆ ಎಕ್ಸ್ ತಲೆ ಮೇಲೆ. ಅದು ಎರಡು ಸಲ ಅವಕಲಿಸು ಅನ್ನೋ ಗುರುತು, ಭಾಗಿಸೋಕೆ ಇಟ್ಟ ಸಂಖ್ಯೆಗಳಲ್ಲ. ಇಪ್ಪತ್ತೆಂಟು ವರ್ಷ ಬರ್ದಿದೀನಿ, ನಂಗೆ ಕಾಣಲೇ ಇಲ್ಲ."

ಧರ್ಮನಿಗೆ ಲೆಕ್ಕ ತಿಳಿಯದಿದ್ದರೂ ಆ ಕೊನೆಯ ಮಾತು ತಿಳಿಯಿತು. ಅವನು ತಲೆ ತಗ್ಗಿಸಿಕೊಂಡು ಕಾಫಿ ತರಲು ಒಳಗೆ ಹೋದ.

"ನಾಳೆ ಕ್ಲಾಸಿಗೆ ಬಾ," ಅಂದರು ಮೇಡಂ.

"ಎಲ್ಲಾರೂ ನಕ್ಕಿದ್ರು ಮೇಡಂ." ಅಂದಳು ಹುಡುಗಿ. "ಅಪ್ಪನ ಕೆಲ್ಸ ಹೇಳಿ ನಗ್ಸಿದ್ರಿ. ನನ್ನ ಲೆಕ್ಕ ತಪ್ಪು ಅಂದಿದ್ರೆ ನಾನು ಬರ್ತಿದ್ದೆ."

ಒಳಗೆ ಧರ್ಮ ಲೋಟ ತೊಳೆಯುವ ಸದ್ದು ಕೇಳಿಸುತ್ತಿತ್ತು. ಅವನಿಗೆ ಈ ಮಾತು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವನು ಕೊಟ್ಟ ಕಾಫಿಯನ್ನು ಬಿಸಿ ಬಿಸಿಯಾಗಿಯೇ ಕುಡಿದು, ನಾಲಿಗೆ ಸುಟ್ಟುಕೊಂಡು ಎದ್ದು ಬಂದರು.

ಸೋಮವಾರ ಬೆಳಿಗ್ಗೆ ಆರು ಕಾಲೇಜುಗಳಿಗೂ ಒಂದು ಪತ್ರ ಹೋಯಿತು. ಹನ್ನೊಂದನೇ ಪ್ರಶ್ನೆಯನ್ನು ತಪ್ಪಾಗಿ ತೆಗೆಯಲಾಗಿದೆ, ಎಲ್ಲ ವಿದ್ಯಾರ್ಥಿಗಳಿಗೂ ಒಂದು ಅಂಕ ಕೊಡುವುದು, ತಪ್ಪನ್ನು ನಮ್ಮ ಕಾಲೇಜಿನ ಕೃತಿಕಾ ಡಿ. ತೋರಿಸಿಕೊಟ್ಟಿದ್ದಾಳೆ ಅಂತ. ಪ್ರಿನ್ಸಿಪಾಲರು ಓದಿ, "ಮುದ್ರಣ ದೋಷ ಅಂತ ಹಾಕಿಬಿಡಿ ಮೇಡಂ, ಯಾಕೆ ಸುಮ್ನೆ" ಅಂದರು. ಮೇಡಂಗೆ ಒಂದು ಗಳಿಗೆ ಆಸೆಯಾಯಿತು. ಆಸೆಯಾದದ್ದಕ್ಕೆ ಇನ್ನಷ್ಟು ನಾಚಿಕೆಯಾಗಿ, ಪತ್ರಕ್ಕೆ ಸಹಿ ಹಾಕಿದರು.

ತರಗತಿಗೆ ಹೋದಾಗ ಕೊನೆಯ ಬೆಂಚಿನಲ್ಲಿ ಕೃತಿಕಾ ಇದ್ದಳು. ಮೇಡಂ ಹಾಜರಿ ಕರೆಯಲಿಲ್ಲ.

"ಎರಡು ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ನಾನು ಕೃತಿಕಾಳನ್ನ ಗೇಲಿ ಮಾಡ್ದೆ. ನೀವೂ ನಕ್ಕಿರಿ. ಅವಳ ಉತ್ತರ ಸರಿ ಇತ್ತು. ನನ್ನದು ತಪ್ಪು. ಅವರಪ್ಪನ ಕೆಲಸದ ಮಾತು ನಾನು ಎತ್ತಬಾರದಿತ್ತು. ಘಾಟೀಲಿ ರೈಲು ನೆಟ್ಟಗೆ ಓಡೋದು ಆ ಮನುಷ್ಯ ತನ್ನ ಲೆಕ್ಕ ತಪ್ಪದೆ ನೋಡ್ಕೊಳ್ಳೋದ್ರಿಂದ. ನಾನು ನನ್ನ ಲೆಕ್ಕ ನೋಡ್ಕೊಳ್ಲಿಲ್ಲ."

ಒಬ್ಬ ಹುಡುಗ ಎದ್ದು, "ಹಂಗಾದ್ರೆ ಅರ್ಧ ಅಂತ ಬರ್ದೋರಿಗೂ ಮಾರ್ಕ್ಸ್ ಇರ್ತದಾ ಮೇಡಂ?" ಅಂದ. "ಇರ್ತದೆ ಮಾರಾಯ, ಎಲ್ರಿಗೂ ಇರ್ತದೆ" ಅಂದದ್ದಕ್ಕೆ ತರಗತಿ ಸ್ವಲ್ಪ ಸಡಿಲವಾಯಿತು.

"ಕೃತಿಕಾ, ಬಂದು ಬೋರ್ಡ್ ಮೇಲೆ ಮಾಡಿ ತೋರಿಸ್ತೀಯಾ?"

"ಇಲ್ಲ ಮೇಡಂ. ನೀವೇ ಬರೀರಿ."

ಕರೆದ ಕೂಡಲೇ ಅವಳು ಎದ್ದು ಬರುವಂಥದ್ದು ತಾನೇನು ಸರಿಮಾಡಿದ್ದೇನೆ ಅಂತ ತಮ್ಮನ್ನು ತಾವೇ ಕೇಳಿಕೊಂಡು ಮೇಡಂ ಬೋರ್ಡಿನ ಕಡೆ ತಿರುಗಿದರು. dy/dx ಅನ್ನು p ಎಂದು ಕರೆದರು. ಹಾಗಾದರೆ dx/dy ಎಂದರೆ 1/p. ಅದನ್ನು y ಆಧಾರದಲ್ಲಿ ಅವಕಲಿಸಬೇಕು. p ನಿಂತಿರುವುದು x ಮೇಲೆ, ಆದ್ದರಿಂದ ಸರಪಳಿ ನಿಯಮದಲ್ಲಿ ಇನ್ನೊಂದು 1/p ಬಂದು ಸೇರುತ್ತದೆ. ಒಂದೊಂದು ಹೆಜ್ಜೆಗೂ ಯಾಕೆ ಅಂತ ಹೇಳುತ್ತ, ಅವಸರ ಮಾಡದೆ, d²y/dx² ಅನ್ನು p ಘನದಿಂದ ಭಾಗಿಸಿ ಮುಂದೆ ಋಣ ಚಿಹ್ನೆ ಇಡುವವರೆಗೆ ಬಂದರು. p ಎಷ್ಟೆಂದು ಹೇಳದೆ ಬರಿ 2 ಕೊಟ್ಟರೆ ಉತ್ತರ ಸಿಗುವುದಿಲ್ಲ ಅನ್ನುವುದು ಈಗ ಎಲ್ಲರಿಗೂ ಕಂಡಿತು.

"ಮೇಡಂ," ಚೈತ್ರಶ್ರೀ ಕೈ ಎತ್ತಿದಳು, "ಡಿಫರೆನ್ಶಿಯಲ್ ಈಕ್ವೇಷನ್‌ನಲ್ಲಿ ಡಿಎಕ್ಸ್‌ನ ಆ ಕಡೆ ಒಯ್ದು ಎರಡೂ ಕಡೆ ಇಂಟಿಗ್ರೇಟ್ ಮಾಡ್ತೀವಲ್ಲ, ಅದೂ ತಪ್ಪಾ?"

"ತಪ್ಪಲ್ಲ, ಅದು ಉದ್ದ ಮಾತಿಗೆ ಗಿಡ್ಡ ಹೆಸರು. ಎರಡೂ ಕಡೇನೂ x ಆಧಾರದಲ್ಲೇ ಅನುಕಲನ ಮಾಡಿದ್ರೆ, ಬದಲಿ ಹಾಕೋ ನಿಯಮದಿಂದ ಅದೇ ಸಾಲು ಬರ್ತದೆ. ನಿಯಮ ಹಿಂದೆ ನಿಂತಿದೆ, ಅದಕ್ಕೇ ಸಾಗ್ತದೆ."

ಹಿಂದಿನ ಬೆಂಚಿನಿಂದ ದನಿ ಬಂತು. "ಮೇಡಂ, p ಸೊನ್ನೆ ಇದ್ರೆ?"

ಕೃತಿಕಾ ಎದ್ದಿರಲಿಲ್ಲ, ಕೂತೇ ಕೇಳಿದ್ದಳು. ತರಗತಿಯ ತಲೆಗಳೆಲ್ಲ ಮೇಡಂ ಕಡೆ ತಿರುಗಿದವು. ಮಕ್ಕಳನ್ನು ನಗಿಸುವಂಥ ಒಂದು ಮಾತು ಹಳೆಯ ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದದ್ದು ಕಲ್ಯಾಣಮ್ಮನವರಿಗೇ ಗೊತ್ತಾಯಿತು. ಅದನ್ನು ನುಂಗಿಕೊಂಡರು. ಬೋರ್ಡಿನ ಒಂದು ಮೂಲೆ ಒರೆಸಿ y = x³ರ ಗೆರೆ ಎಳೆದರು. ಸೊನ್ನೆಯ ಹತ್ತಿರ ಗೆರೆ ಮಲಗಿತ್ತು.

"ಇಲ್ಲಿ ಏರು ಸೊನ್ನೆ. ತಿರುಗಿಸಿ ನೋಡಿದ್ರೆ ಗೆರೆ ನೆಟ್ಟಗೆ ನಿಂತ್ಕೊತದೆ. dx/dy ಅಂತ ಹೇಳೋಕೆ ಅಲ್ಲಿ ಸಂಖ್ಯೇನೇ ಇಲ್ಲ. ತಲೆಕೆಳಗು ಮಾಡೋ ಹಾಗಿಲ್ಲ."

ಕೃತಿಕಾ ಪೆನ್ನು ತೆಗೆದು ನೋಟ್ ಬುಕ್ಕಿನಲ್ಲಿ ಬರೆದುಕೊಂಡಳು. ಮುಖ ಎತ್ತಿ ನೋಡಲಿಲ್ಲ, ನಗಲೂ ಇಲ್ಲ. ಬರೆದು ಮುಗಿಸಿ, "ಇನ್ನೊಂದು ಡೌಟು ಐತೆ ಮೇಡಂ" ಅಂದಳು.

"ಕೇಳು," ಅಂದರು ಮೇಡಂ.